ಕೊನೆ ಗೊತ್ತಿಲ್ಲದ ಸಾಲಿನಲ್ಲಿ ಎಲ್ಲರಿಗೂ ಸಮಪಾಲು

ಕನ್ನಡ ವಿಕಿಪೀಡಿಯದ ಪುಟಗಳ ಶೀರ್ಷಿಕೆಗಳನ್ನೆಲ್ಲ ಒಂದು ಕಡತದಲ್ಲಿ ಕಟ್ಟಿ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ವಿಕಿಮೀಡಿಯದವರು ಇಟ್ಟಿದ್ದಾರೆ. ಒಂದು ಸಾಲಿಗೆ ಒಂದು ಶೀರ್ಷಿಕೆ. ಕಡತವನ್ನು ಒತ್ತಿ ಕಿರಿದು ಮಾಡಿರುವುದರಿಂದ ಒಳಗೆ ಎಷ್ಟು ಸಾಲುಗಳಿವೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ಕೊನೆಯವರೆಗೂ ಬಿಚ್ಚಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಈ ಕಡತದಿಂದ ಒಂದೇ ಒಂದು ಶೀರ್ಷಿಕೆಯನ್ನು ಎತ್ತಬೇಕು, ಆದರೆ ಯಾವ ಸಾಲಿಗೂ ಇನ್ನೊಂದಕ್ಕಿಂತ ಹೆಚ್ಚಿನ ಅವಕಾಶ ಇರಬಾರದು ಅಂದುಕೊಳ್ಳಿ. ಲಿನಕ್ಸ್ ಕಂಪ್ಯೂಟರಿನಲ್ಲಿ ಅದಕ್ಕೆ ಒಂದು ಸಾಲಿನ ಆದೇಶ ಸಾಕು:

```
zcat knwiki-latest-all-titles-in-ns0.gz | shuf -n 1
```

ಮೊದಲ ಭಾಗ ಕಡತವನ್ನು ಬಿಚ್ಚುತ್ತಾ ಸಾಲುಗಳನ್ನು ಒಂದರ ಹಿಂದೆ ಒಂದರಂತೆ ಮುಂದಕ್ಕೆ ತಳ್ಳುತ್ತದೆ. `shuf` ಅವನ್ನು ಬಂದ ಹಾಗೆ ನೋಡುತ್ತಾ ಹೋಗಿ, ಹರಿವು ನಿಂತ ಮೇಲೆ ಒಂದು ಶೀರ್ಷಿಕೆಯನ್ನು ಪರದೆಯ ಮೇಲೆ ಹಾಕುತ್ತದೆ. ಒಟ್ಟು ಎಷ್ಟು ಸಾಲು ಬರಲಿವೆ ಎಂದು ಅದಕ್ಕೆ ಯಾರೂ ಮೊದಲೇ ಹೇಳಿರುವುದಿಲ್ಲ. ದಾಟಿಹೋದ ಸಾಲುಗಳನ್ನು ಅದು ಕೂಡಿಟ್ಟುಕೊಂಡೂ ಇರುವುದಿಲ್ಲ. ಹಾಗಿದ್ದರೂ ಎತ್ತಿಕೊಟ್ಟ ಶೀರ್ಷಿಕೆಯಲ್ಲಿ ಪಕ್ಷಪಾತವಿಲ್ಲ. ಇದು ಹೇಗೆ ಸಾಧ್ಯ?

ಚೀಟಿ ಎತ್ತುವ ಕೆಲಸ ನಮಗೆಲ್ಲ ಪರಿಚಿತ. ಎಲ್ಲರ ಹೆಸರೂ ಡಬ್ಬದೊಳಗೆ ಬೀಳಬೇಕು, ಚೆನ್ನಾಗಿ ಕುಲುಕಬೇಕು, ಆಮೇಲೆ ಕೈ ಹಾಕಬೇಕು. ಇದಕ್ಕೆ ಎಲ್ಲ ಚೀಟಿಗಳೂ ಬಂದು ಮುಗಿದಿರಬೇಕು ಮತ್ತು ಎಲ್ಲವೂ ಹಿಡಿಸುವ ಡಬ್ಬ ಇರಬೇಕು. ಕಂಪ್ಯೂಟರಿನಲ್ಲಿ ಡಬ್ಬ ಬೇಡವೆಂದರೆ ಕಡತವನ್ನು ಎರಡು ಸಲ ಓದಬಹುದು: ಮೊದಲ ಸಲ ಸಾಲುಗಳನ್ನು ಎಣಿಸಿ, ಒಂದು ಸಂಖ್ಯೆಯನ್ನು ಆರಿಸಿ, ಎರಡನೆಯ ಸಲ ಆ ಸಂಖ್ಯೆಯ ಸಾಲಿಗೆ ಹೋಗುವುದು. ಹರಿವು ಎರಡನೆಯ ಸಲ ಸಿಗುವುದೇ ಇಲ್ಲ ಎಂದಾಗ ಎರಡು ದಾರಿಗಳೂ ಮುಚ್ಚುತ್ತವೆ. ಸರ್ವರಿಗೆ ಬಂದು ಹೋಗುವ ಕೋರಿಕೆಗಳು, ಸೆನ್ಸರ್ ಕಳಿಸುವ ಅಳತೆಗಳು, ಒಬ್ಬರಾದ ಮೇಲೆ ಒಬ್ಬರು ಬಾಗಿಲು ದಾಟುವ ಜನ, ಇವೆಲ್ಲ ಅಂಥವು. ಆಗ ನೆರವಿಗೆ ಬರುವ ವಿಧಾನಕ್ಕೆ ರಿಸರ್ವಾಯರ್ ಸ್ಯಾಂಪ್ಲಿಂಗ್ ಎಂದು ಹೆಸರು. ಒಂದೇ ವಸ್ತುವನ್ನು ಎತ್ತುವುದಾದರೆ ಅದರ ನಿಯಮವನ್ನು ಎರಡು ವಾಕ್ಯಗಳಲ್ಲಿ ಹೇಳಿ ಮುಗಿಸಬಹುದು.

ಮೊದಲು ಬಂದದ್ದನ್ನು ಕೈಯಲ್ಲಿ ಹಿಡಿದುಕೊಳ್ಳಿ. ಆಮೇಲೆ n-ನೆಯದು ಬಂದಾಗ, n ಸಲಕ್ಕೆ ಒಂದು ಸಲದ ಸಂಭವದಲ್ಲಿ, ಕೈಯಲ್ಲಿರುವುದನ್ನು ಬಿಟ್ಟು ಹೊಸದನ್ನು ಹಿಡಿಯಿರಿ.

ಎರಡನೆಯದಕ್ಕೆ ಎರಡರಲ್ಲಿ ಒಂದು ಸಂಭವ, ಮೂರನೆಯದಕ್ಕೆ ಮೂರರಲ್ಲಿ ಒಂದು, ನೂರನೆಯದಕ್ಕೆ ನೂರರಲ್ಲಿ ಒಂದು. ಇಷ್ಟು ಮಾಡಲು ಎರಡೇ ಸಂಗತಿಗಳು ನೆನಪಿನಲ್ಲಿದ್ದರೆ ಸಾಕು: ಈಗ ಕೈಯಲ್ಲಿ ಇರುವುದು ಯಾವುದು, ಇಲ್ಲಿಯವರೆಗೆ ಬಂದವು ಎಷ್ಟು.

ಮೊದಲ ಸಲ ಕೇಳಿದವರಿಗೆ ಇದು ಅನ್ಯಾಯವಾಗಿ ಕಾಣುತ್ತದೆ. ಎರಡನೆಯದಕ್ಕೆ ಅರ್ಧಕ್ಕೆ ಅರ್ಧ ಅವಕಾಶ ಕೊಟ್ಟು, ನೂರನೆಯದಕ್ಕೆ ನೂರರಲ್ಲಿ ಒಂದೇ ಪಾಲು ಕೊಟ್ಟರೆ ತಡವಾಗಿ ಬಂದವರ ಗತಿಯೇನು ಎಂಬ ಪ್ರಶ್ನೆ ಏಳುತ್ತದೆ. ಬೇಗ ಬಂದದ್ದು ಕೈಗೆ ಹತ್ತುವುದು ಸುಲಭ ನಿಜ. ಆದರೆ ಅದು ಕೈಯಲ್ಲಿ ಉಳಿಯಬೇಕಾದರೆ ಆಮೇಲೆ ಬರುವ ಪ್ರತಿಯೊಂದರ ಎದುರೂ ಗೆಲ್ಲಬೇಕು. ತಡವಾಗಿ ಬಂದದ್ದು ಹತ್ತುವುದು ಕಷ್ಟ, ಹತ್ತಿದ ಮೇಲೆ ಅದರ ಎದುರಿಗೆ ಬರುವವು ಕಡಿಮೆ. ಈ ಎರಡು ಒಂದಕ್ಕೊಂದು ಸರಿಯಾಗಿ ತಾಳೆಯಾಗುತ್ತವೆ. ಸುಮಾರಾಗಿ ಅಲ್ಲ, ಲೆಕ್ಕಕ್ಕೆ ಸರಿಯಾಗಿ.

ಆರು ಶೀರ್ಷಿಕೆಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿ ನೋಡೋಣ. ಆಗುಂಬೆ, ಐಹೊಳೆ, ಕಾರವಾರ, ಬೇಲೂರು, ಹಂಪಿ, ಹಳೇಬೀಡು ಇದೇ ಕ್ರಮದಲ್ಲಿ ಬರುತ್ತವೆ. ಕೊನೆಗೆ ಕಾರವಾರವೇ ಕೈಯಲ್ಲಿ ಉಳಿಯುವ ಸಂಭವ ಎಷ್ಟು? ಅದು ಮೂರನೆಯದು, ಆದ್ದರಿಂದ ಕೈಗೆ ಹತ್ತುವ ಸಂಭವ 1/3. ಬೇಲೂರು ಬಂದಾಗ ಅದು ಕಾರವಾರವನ್ನು ಕೆಳಗಿಳಿಸುವ ಸಂಭವ 1/4, ಅಂದರೆ ಕಾರವಾರ ಉಳಿಯುವ ಸಂಭವ 3/4. ಹಂಪಿಯ ಎದುರು ಉಳಿಯುವುದು 4/5, ಹಳೇಬೀಡಿನ ಎದುರು 5/6. ಎಲ್ಲವನ್ನೂ ಗುಣಿಸಿದರೆ:

```
1/3 × 3/4 × 4/5 × 5/6 = 1/6
```

ಒಂದರ ಮೇಲಿನ ಅಂಕಿ ಅದರ ಹಿಂದಿನದರ ಕೆಳಗಿನ ಅಂಕಿಯನ್ನು ಹೊಡೆದುಹಾಕುತ್ತಾ ಹೋಗಿ, ಕೊನೆಗೆ ಉಳಿಯುವುದು ಆರರಲ್ಲಿ ಒಂದು. ಆಗುಂಬೆಗೆ ಹಾಕಿ ನೋಡಿ: ಅದು ಮೊದಲನೆಯದಾದ್ದರಿಂದ ಕೈಗೆ ಹತ್ತುವುದು ಖಚಿತ, ಆಮೇಲೆ 1/2, 2/3, 3/4, 4/5, 5/6. ಗುಣಿಸಿದರೆ ಮತ್ತೆ 1/6. ಹಳೇಬೀಡಿಗಂತೂ ಗುಣಾಕಾರವೇ ಬೇಡ, ಬಂದಾಗಲೇ ಅದರ ಪಾಲು 1/6. ಏಳನೆಯದೊಂದು ಬಂದರೆ ಆರಕ್ಕೂ ಇನ್ನೊಂದು 6/7 ಸೇರಿಕೊಂಡು ಎಲ್ಲವೂ 1/7ಕ್ಕೆ ಇಳಿಯುತ್ತವೆ, ಏಳನೆಯದೂ ಅಲ್ಲಿಗೇ ಬಂದು ನಿಲ್ಲುತ್ತದೆ. ಹಾಗಾಗಿ ಹರಿವು ಎಲ್ಲಿ ನಿಂತರೂ ಆ ಕ್ಷಣಕ್ಕೆ ಉತ್ತರ ಸಿದ್ಧವಾಗಿರುತ್ತದೆ. ಕೊನೆ ಗೊತ್ತಿಲ್ಲ ಎಂಬುದು ಇಲ್ಲಿ ಅಡ್ಡಿಯೇ ಆಗದಿರುವುದು ಇದರಿಂದ.

ಇದನ್ನೇ ಇನ್ನೊಂದು ಬಗೆಯಲ್ಲೂ ನೋಡಬಹುದು. ನನಗೆ ಹೆಚ್ಚು ಹಿಡಿಸಿದ್ದು ಈ ನೋಟ. ಬಂದ ಪ್ರತಿ ಸಾಲಿಗೂ 0 ಮತ್ತು 1ರ ನಡುವೆ ಯಾವುದಾದರೊಂದು ಸಂಖ್ಯೆಯನ್ನು ಕಣ್ಣುಮುಚ್ಚಿ ಕೊಡಿ. ಇಲ್ಲಿಯವರೆಗೆ ಕಂಡ ಅತಿ ದೊಡ್ಡ ಸಂಖ್ಯೆ ಯಾವ ಸಾಲಿನದೋ ಅದನ್ನು ಮಾತ್ರ ಹಿಡಿದುಕೊಳ್ಳಿ. ಆರು ಸಾಲುಗಳಲ್ಲಿ ಅತಿ ದೊಡ್ಡ ಸಂಖ್ಯೆ ಯಾವುದಕ್ಕೆ ಬೀಳುತ್ತದೆ ಎಂಬುದರಲ್ಲಿ ಆರಕ್ಕೂ ಸಮಪಾಲು, ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. n-ನೆಯ ಸಾಲು ಹಿಂದಿನವನ್ನೆಲ್ಲ ಮೀರಿಸುವ ಸಂಭವ n ಸಲಕ್ಕೆ ಒಂದು. ಮೇಲಿನ ನಿಯಮದಲ್ಲಿ ಇದ್ದದ್ದೂ ಇದೇ. ಈ ರೂಪಕ್ಕೆ ಇನ್ನೊಂದು ಅನುಕೂಲವಿದೆ. ಹರಿವು ಎರಡು ಕಂಪ್ಯೂಟರುಗಳಲ್ಲಿ ಬೇರೆಬೇರೆಯಾಗಿ ಬರುತ್ತಿದ್ದರೆ, ಎರಡೂ ತಮ್ಮ ತಮ್ಮ ಅತಿ ದೊಡ್ಡ ಸಂಖ್ಯೆಯನ್ನು ಸಾಲಿನ ಜೊತೆಗೆ ಇಟ್ಟುಕೊಂಡಿದ್ದು ಕೊನೆಗೆ ಹೋಲಿಸಿದರೆ ಆಯಿತು. ಒಂದರಲ್ಲಿ ಮುನ್ನೂರು, ಇನ್ನೊಂದರಲ್ಲಿ ಐನೂರು ಸಾಲು ಬಂದಿದ್ದರೂ ಎಂಟುನೂರಕ್ಕೂ ನ್ಯಾಯ ಸಿಗುತ್ತದೆ.

ವಿಕಿಪೀಡಿಯದಲ್ಲಿ ಯಾವುದೋ ಒಂದು ಪುಟವನ್ನು ತೆರೆದು ತೋರಿಸುವ ಸೌಲಭ್ಯವಿದೆಯಲ್ಲ, ಅದೂ 0 ಮತ್ತು 1ರ ನಡುವಿನ ಸಂಖ್ಯೆಗಳನ್ನೇ ಬಳಸುತ್ತದೆ, ಆದರೆ ಬೇರೆ ರೀತಿಯಲ್ಲಿ. ಅಲ್ಲಿ ಪುಟ ಹುಟ್ಟಿದಾಗಲೇ ಅದಕ್ಕೆ ಒಂದು ಸಂಖ್ಯೆ ಅಂಟಿಬಿಡುತ್ತದೆ. ನಾವು ಗುಂಡಿ ಒತ್ತಿದಾಗ ಹೊಸದೊಂದು ಸಂಖ್ಯೆಯನ್ನು ಎತ್ತಿ, ಅದಕ್ಕಿಂತ ಮೇಲಿರುವ ತೀರಾ ಹತ್ತಿರದ ಪುಟವನ್ನು ತೋರಿಸುತ್ತಾರೆ. ಪುಟಗಳ ಸಂಖ್ಯೆಗಳ ನಡುವಿನ ಅಂತರ ಎಲ್ಲ ಕಡೆ ಒಂದೇ ಸಮನಾಗಿರುವುದಿಲ್ಲ. ಹಿಂದೆ ದೊಡ್ಡ ಅಂತರವಿರುವ ಪುಟ ಪದೇಪದೇ ಸಿಗುತ್ತದೆ, ಅಂಟಿಕೊಂಡಂತೆ ಇರುವ ಎರಡು ಪುಟಗಳಲ್ಲಿ ಎರಡನೆಯದು ಅಪರೂಪಕ್ಕೆ ಕಾಣುತ್ತದೆ. ಓದುಗರು ಹೊತ್ತು ಕಳೆಯಲು ಇಷ್ಟು ಸಾಕು, ವೇಗವೂ ಅವರಿಗೆ ಮುಖ್ಯ. ಪುಟಗಳ ಗುಣಮಟ್ಟವನ್ನು ಅಳೆಯಲು ಹೊರಟವರಿಗೆ ಮಾತ್ರ ಅದು ಸಾಲದು.

ರಿಸರ್ವಾಯರ್ ವಿಧಾನ ಬೆಳೆದದ್ದು ಮಾಹಿತಿಯೆಲ್ಲ ಮ್ಯಾಗ್ನೆಟಿಕ್ ಟೇಪಿನ ಸುರುಳಿಗಳಲ್ಲಿ ಇರುತ್ತಿದ್ದ ಕಾಲದ ಅಗತ್ಯದಿಂದ. ಟೇಪನ್ನು ಮತ್ತೆ ಹಿಂದಕ್ಕೆ ಸುತ್ತುವುದೆಂದರೆ ಸಮಯ ಹಾಳು, ಕಂಪ್ಯೂಟರಿನ ನೆನಪಿನಲ್ಲಿ ಜಾಗವೂ ಕಡಿಮೆ. ಹಾಗಾಗಿ ಟೇಪು ಒಂದೇ ಸಲ ಓಡುವಷ್ಟರಲ್ಲಿ ಮಾದರಿಯನ್ನು ಎತ್ತುವ ಬಗೆಯನ್ನು ಫ್ಯಾನ್, ಮುಲ್ಲರ್ ಮತ್ತು ರೆಜುಚಾ 1962ರಲ್ಲೇ ಅಮೆರಿಕದ ಸಂಖ್ಯಾಶಾಸ್ತ್ರ ಪತ್ರಿಕೆಯೊಂದರಲ್ಲಿ ಬರೆದರು. ಈಗ ನಾವು ನೋಡಿದ ಸರಳ ರೂಪಕ್ಕೆ ಪುಸ್ತಕಗಳಲ್ಲಿ ಆಲ್ಗರಿದಮ್ ಆರ್ ಎಂದು ಹೆಸರು. ಡೊನಾಲ್ಡ್ ಕ್ನೂತ್ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಅದರ ಶ್ರೇಯಸ್ಸನ್ನು ಅಲನ್ ವಾಟರ್‌ಮನ್ ಅವರಿಗೆ ಕೊಟ್ಟಿದ್ದಾರೆ.

1985ರಲ್ಲಿ ಜೆಫ್ರಿ ವಿಟ್ಟರ್ ಇದರಲ್ಲಿ ಒಂದು ದಂಡದ ಕೆಲಸ ನಡೆಯುತ್ತಿರುವುದನ್ನು ಎತ್ತಿ ತೋರಿಸಿದರು. ಹತ್ತು ಲಕ್ಷ ಸಾಲುಗಳು ಬಂದರೆ ಹತ್ತು ಲಕ್ಷ ಸಲ ರ‍್ಯಾಂಡಮ್ ಸಂಖ್ಯೆಯನ್ನು ಎತ್ತಬೇಕು. ಅಷ್ಟು ಮಾಡಿಯೂ ಕೈ ಬದಲಾಗುವುದು ಎಷ್ಟು ಸಲ? ಮೊದಲ ಹಿಡಿತವನ್ನೂ ಸೇರಿಸಿ 1 + 1/2 + 1/3 ಎಂದು ಹತ್ತು ಲಕ್ಷದವರೆಗೆ ಕೂಡಿದರೆ ಬರುವುದು ಸುಮಾರು 14.4. ಅಂದರೆ ಸರಾಸರಿ ಹದಿನಾಲ್ಕು ಸಲ ಹಿಡಿಯಲು ಹತ್ತು ಲಕ್ಷ ಸಲ ದಾಳ ಉರುಳಿಸಿದಂತೆ ಆಯಿತು. ಸುಮ್ಮನೆ ದಾಟಿಹೋಗುವ ಸಾಲುಗಳಿಗೆ ದಾಳವೇಕೆ, ಮುಂದೆ ಎಷ್ಟು ಸಾಲುಗಳನ್ನು ಬಿಟ್ಟುಬಿಡಬೇಕು ಎಂಬುದನ್ನೇ ಒಂದು ಸಂಖ್ಯೆಯಿಂದ ಆರಿಸಿದರಾಯಿತು ಎಂಬುದು ಅವರ ಯೋಚನೆ.

ಒಂದೇ ವಸ್ತುವನ್ನು ಹಿಡಿಯುವಾಗ ಆ ಲೆಕ್ಕ ಎಷ್ಟು ಹಗುರ ಎಂದರೆ ಕಾಗದದ ಮೇಲೆಯೇ ಮಾಡಬಹುದು. n-ನೆಯ ಸಾಲಿನವರೆಗೆ ಬಂದಿದ್ದೇವೆ. ಕೈಯಲ್ಲಿ ಇರುವುದು m-ನೆಯ ಸಾಲು ದಾಟುವವರೆಗೂ ಬದಲಾಗದೆ ಇರುವ ಸಂಭವ n/m. ಆದ್ದರಿಂದ 0 ಮತ್ತು 1ರ ನಡುವೆ u ಎಂಬ ಸಂಖ್ಯೆಯನ್ನು ಎತ್ತಿ, n ಅನ್ನು ಅದರಿಂದ ಭಾಗಿಸಿ, ದಶಾಂಶವನ್ನು ಬಿಟ್ಟು ಒಂದನ್ನು ಕೂಡಿಸಿದರೆ ಮುಂದಿನ ಬದಲಾವಣೆಯ ಸಾಲು ಸಿಗುತ್ತದೆ. ಮೊದಲ ಸಾಲಿನಲ್ಲಿದ್ದಾಗ 0.37 ಬಿತ್ತು ಅನ್ನಿ: 1 ÷ 0.37 ಅಂದರೆ 2.7, ಆದ್ದರಿಂದ ಮುಂದೆ ಹಿಡಿಯುವುದು ಮೂರನೆಯ ಸಾಲನ್ನು. ಅಲ್ಲಿ 0.62 ಬಿದ್ದರೆ ಮುಂದಿನದು ಐದನೆಯದು. ಅಲ್ಲಿ 0.081 ಬಿದ್ದರೆ ಒಮ್ಮೆಲೇ ಅರವತ್ತೆರಡನೆಯ ಸಾಲಿಗೆ ಜಿಗಿತ. ನಡುವಿನ ಐವತ್ತಾರು ಸಾಲುಗಳನ್ನು ಎಣಿಸಿದರೆ ಸಾಕು, ದಾಳ ಬೇಡ.

ಈ ಸೂತ್ರದಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ಈಗ ಸಾವಿರ ಸಾಲು ದಾಟಿದ್ದರೆ, ಎರಡು ಸಾವಿರ ದಾಟುವವರೆಗೂ ಕೈ ಬದಲಾಗದಿರುವ ಸಂಭವ ಸರಿಯಾಗಿ ಅರ್ಧ. ಹತ್ತು ಲಕ್ಷ ದಾಟಿದ್ದರೆ ಇಪ್ಪತ್ತು ಲಕ್ಷದವರೆಗೆ ಬದಲಾಗದಿರುವ ಸಂಭವವೂ ಅರ್ಧವೇ. ದಿನಗಟ್ಟಲೆ ಓಡುವ ಹರಿವನ್ನು ನೋಡುತ್ತಾ ಕೂತವರು, ಬೆಳಿಗ್ಗೆಯಿಂದ ಒಂದೇ ಸಾಲು ಕೈಯಲ್ಲಿದೆ, ಪ್ರೋಗ್ರಾಮ್ ಎಲ್ಲೋ ಸಿಕ್ಕಿಕೊಂಡಿರಬೇಕು ಎಂದು ಅನುಮಾನಿಸುವುದುಂಟು. ಬಹುತೇಕ ಅದು ಸಿಕ್ಕಿಕೊಂಡಿರುವುದಿಲ್ಲ. ಹರಿವು ಉದ್ದವಾದಂತೆ ಬದಲಾವಣೆ ವಿರಳವಾಗುವುದು ಅದರ ಸಹಜ ಗುಣ.

ನಿಯಮ ಇಷ್ಟು ಚಿಕ್ಕದು, ಆದರೆ ಬರೆಯುವಾಗ ಕೆಡಿಸುವುದೂ ಅಷ್ಟೇ ಸುಲಭ. ಪೈಥಾನ್ ಭಾಷೆಯಲ್ಲಿ ಸರಿಯಾದ ರೂಪ ಹೀಗಿರುತ್ತದೆ:

```python
import random

def pick(stream):
    kept = None
    for n, item in enumerate(stream, start=1):
        if random.randrange(n) == 0:
            kept = item
    return kept
```

`random.randrange(n)` ಎಂಬುದು 0ಯಿಂದ n−1ರವರೆಗಿನ n ಸಂಖ್ಯೆಗಳಲ್ಲಿ ಒಂದನ್ನು ಕೊಡುತ್ತದೆ. ಸೊನ್ನೆ ಬೀಳುವ ಸಂಭವ n ಸಲಕ್ಕೆ ಒಂದು. ಇದರ ಜಾಗದಲ್ಲಿ `random.randint(0, n)` ಎಂದು ಬರೆದರೆ ಏನಾಗುತ್ತದೆ ನೋಡಿ. ಅದು n ಅನ್ನೂ ಸೇರಿಸಿಕೊಂಡು n+1 ಸಂಖ್ಯೆಗಳಲ್ಲಿ ಒಂದನ್ನು ಎತ್ತುತ್ತದೆ. ಮೊದಲ ಸಾಲಿಗೇ ಅರ್ಧ ಅವಕಾಶ ತಪ್ಪಿತು. ಆರು ಸಾಲುಗಳ ಹರಿವಿನಲ್ಲಿ ಒಂದೊಂದಕ್ಕೂ 1/7 ಸಿಕ್ಕಿ, ಉಳಿದ 1/7ರಲ್ಲಿ ಯಾವುದೂ ಕೈಗೆ ಹತ್ತದೆ ಉತ್ತರ ಖಾಲಿ ಬರುತ್ತದೆ. ಖಾಲಿ ಬಂದದ್ದು ಕಣ್ಣಿಗೆ ಬೀಳುವುದರಿಂದ ತಪ್ಪು ಬೇಗ ಸಿಗಬೇಕು. ಆದರೆ ಇಲ್ಲೇ ಕೆಟ್ಟ ತೇಪೆಯೊಂದು ಬೀಳುತ್ತದೆ: ಖಾಲಿ ಬರಬಾರದೆಂದು ಮೊದಲ ಸಾಲನ್ನು ಮುಂಚೆಯೇ ಕೈಯಲ್ಲಿಟ್ಟು, ಎರಡನೆಯದರಿಂದ ಆಟ ಶುರುಮಾಡುತ್ತಾರೆ. ಆಮೇಲೆ ಖಾಲಿ ಉತ್ತರ ಎಂದೂ ಬರುವುದಿಲ್ಲ. ಆ ಖಾಲಿಯ ಪಾಲು ಮೊದಲ ಸಾಲಿಗೆ ಹೋಗಿ ಸೇರಿಕೊಂಡಿರುತ್ತದೆ. ಆಗುಂಬೆಗೆ 2/7, ಉಳಿದವಕ್ಕೆ 1/7. ಪ್ರೋಗ್ರಾಮ್ ಗೊಣಗದೆ ಓಡುತ್ತದೆ, ಉತ್ತರಗಳು ಬಗೆಬಗೆಯಾಗಿ ಬರುತ್ತವೆ, ಯಾರಿಗೂ ಅನುಮಾನ ಬರುವುದಿಲ್ಲ.

ಇನ್ನೊಂದು ತಪ್ಪು ಇನ್ನೂ ದೊಡ್ಡದು, ಆದರೆ ಹಿಡಿಯುವುದು ಸುಲಭ. ಪ್ರತಿ ಸಲವೂ ನಾಣ್ಯ ಚಿಮ್ಮಿ, ತಲೆ ಬಿದ್ದರೆ ಹೊಸದನ್ನು ಹಿಡಿಯುವುದು ನ್ಯಾಯವೆಂದು ಕೆಲವರಿಗೆ ತೋರುತ್ತದೆ. ಹಾಗೆ ಮಾಡಿದರೆ ಆರನೆಯದಾದ ಹಳೇಬೀಡು ಅರ್ಧಪಾಲು ಹೊಡೆಯುತ್ತದೆ, ಹಂಪಿಗೆ ಕಾಲುಭಾಗ, ಮೊದಲ ಎರಡಕ್ಕೆ ಮೂವತ್ತೆರಡರಲ್ಲಿ ಒಂದೊಂದು ಉಳಿಯುತ್ತದೆ. ಹತ್ತು ಲಕ್ಷ ಸಾಲುಗಳ ಕಡತದಲ್ಲಿ ಮೊದಲ ಒಂಬತ್ತು ಲಕ್ಷ ಸಾಲುಗಳು ಇದ್ದೂ ಇಲ್ಲದಂತೆ.

ಇಂಥ ತಪ್ಪುಗಳನ್ನು ಪತ್ತೆಹಚ್ಚಲು ದೊಡ್ಡ ಕಡತವನ್ನು ಹಿಡಿದು ಕೂರುವುದರಿಂದ ಪ್ರಯೋಜನವಿಲ್ಲ. ಹತ್ತು ಲಕ್ಷ ಸಾಲುಗಳಲ್ಲಿ ಮೊದಲನೆಯದಕ್ಕೆ ದುಪ್ಪಟ್ಟು ಪಾಲು ಸಿಕ್ಕರೂ ಅದು ಹತ್ತು ಲಕ್ಷ ಸಲಕ್ಕೆ ಎರಡು ಸಲವಷ್ಟೇ ಬರುತ್ತದೆ, ಅದು ಯಾರ ಕಣ್ಣಿಗೆ ಬಿದ್ದೀತು? ಪರೀಕ್ಷೆಗೆ ಚಿಕ್ಕ ಹರಿವೇ ಬೇಕು. ಆರು ಸಾಲುಗಳನ್ನು ಕೊಟ್ಟು 60,000 ಸಲ ಓಡಿಸಿ, ಯಾವುದು ಎಷ್ಟು ಸಲ ಬಂತು ಎಂದು ಎಣಿಸಿ. ಎಲ್ಲ ಸರಿಯಿದ್ದರೆ ಒಂದೊಂದೂ 10,000ದ ಹತ್ತಿರ ಇರಬೇಕು. ನೂರರ ಆಸುಪಾಸಿನ ಏರುಪೇರು ಸಹಜ, ಮುನ್ನೂರನ್ನು ಮೀರಿದ ವ್ಯತ್ಯಾಸ ಕಂಡರೆ ಮತ್ತೊಮ್ಮೆ ಓಡಿಸಿ ನೋಡಬೇಕು. ಮೇಲಿನ ತೇಪೆಯ ಪ್ರೋಗ್ರಾಮಿನಲ್ಲಿ ಆಗುಂಬೆ 17,000 ದಾಟಿ, ಉಳಿದವು 8,600ರ ಹತ್ತಿರ ನಿಲ್ಲುತ್ತವೆ. ಕದ್ದು ಕೂತ ತಪ್ಪು ಒಂದೇ ನಿಮಿಷದಲ್ಲಿ ಬಯಲಿಗೆ ಬರುತ್ತದೆ. ಎಲ್ಲ ಸಂಖ್ಯೆಗಳೂ ಸರಿಯಾಗಿ 10,000 ಬಂದರೆ ಅದೂ ಅನುಮಾನದ ವಿಷಯವೇ, ಏಕೆಂದರೆ ನಿಜವಾದ ರ‍್ಯಾಂಡಮ್ ಆಟದಲ್ಲಿ ಅಷ್ಟು ಒಪ್ಪ ಓರಣ ಇರುವುದಿಲ್ಲ.

ಪ್ರೋಗ್ರಾಮ್ ತಪ್ಪಿಲ್ಲದಿದ್ದರೂ ನ್ಯಾಯ ಕೆಡುವ ಒಂದು ದಾರಿ ಉಳಿದಿದೆ. ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಹರಿವು ಎಲ್ಲಿ ನಿಂತರೂ ಉತ್ತರ ನ್ಯಾಯವಾಗಿರುತ್ತದೆ ಎಂದೆ. ಆದರೆ ಅದನ್ನು ಎಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನಕ್ಕೂ ಕೈಯಲ್ಲಿ ಇರುವುದು ಯಾವುದು ಎಂಬುದಕ್ಕೂ ಸಂಬಂಧ ಇರಬಾರದು. ಒಂದು ಸಮಾರಂಭದ ಬಾಗಿಲಲ್ಲಿ ಒಳಗೆ ಬರುವವರಲ್ಲಿ ಒಬ್ಬರಿಗೆ ಬಹುಮಾನ ಕೊಡಲು ಈ ವಿಧಾನವನ್ನು ಬಳಸುತ್ತಿದ್ದಾರೆ ಅನ್ನಿ. ಸಂಘಟಕರ ನೆಂಟರೊಬ್ಬರು ಮೂರನೆಯವರಾಗಿ ಒಳಗೆ ಬರುತ್ತಾರೆ. ಅವರ ಹೆಸರು ಕೈಗೆ ಹತ್ತುವ ಸಂಭವ 1/3. ಹತ್ತಿದ ಕ್ಷಣದಲ್ಲೇ ‘ಸಮಯವಾಯಿತು, ಬಾಗಿಲು ಮುಚ್ಚಿ’ ಎಂದುಬಿಟ್ಟರೆ ಬಹುಮಾನ ಮನೆಯೊಳಗೇ ಉಳಿಯಿತು. ನೂರು ಜನ ಬರುವವರೆಗೆ ಕಾದಿದ್ದರೆ ಅವರ ಪಾಲು ನೂರರಲ್ಲಿ ಒಂದಷ್ಟೇ ಇತ್ತು. ಪ್ರೋಗ್ರಾಮನ್ನು ತಿದ್ದಿಲ್ಲ, ದಾಳದಲ್ಲಿ ಮೋಸವಿಲ್ಲ, ಆದರೂ ಅನ್ಯಾಯ ನಡೆದುಹೋಯಿತು. ಆದ್ದರಿಂದ ನಿಲ್ಲಿಸುವ ಹೊತ್ತನ್ನು ಮೊದಲೇ ಸಾರಿ ಹೇಳಿರಬೇಕು, ಅಥವಾ ನಿಲ್ಲಿಸುವವರಿಗೆ ಕೈಯಲ್ಲಿರುವ ಹೆಸರು ಕಾಣದಂತೆ ಇರಬೇಕು. ಸಂಶೋಧಕರಿಗೂ ಈ ಮಾತು ಅನ್ವಯಿಸುತ್ತದೆ. ಸಿಕ್ಕ ಮಾದರಿ ಮನಸ್ಸಿಗೆ ಹಿಡಿಸಿತೆಂದು ಅಲ್ಲಿಗೇ ನಿಲ್ಲಿಸಿದರೆ, ಅಥವಾ ಹಿಡಿಸಲಿಲ್ಲವೆಂದು ಇನ್ನೊಮ್ಮೆ ಓಡಿಸಿದರೆ, ಆರಿಸಿದ್ದು ದಾಳವಲ್ಲ, ಅವರೇ.

ಹರಿವು ತಾನಾಗಿಯೇ ತುಂಡಾದಾಗಲೂ ಎಚ್ಚರ ಬೇಕು. ಶೀರ್ಷಿಕೆಗಳು ಅಕ್ಷರ ಕ್ರಮದಲ್ಲಿದ್ದು, ಕಡತ ಅರ್ಧ ಇಳಿದಾಗ ಇಂಟರ್‌ನೆಟ್ ಕೈಕೊಟ್ಟರೆ, ಎತ್ತಿದ ಸಾಲು ಬಂದಷ್ಟರ ನಡುವೆ ಮಾತ್ರ ನ್ಯಾಯವಾದದ್ದು. ಹಂಪಿ, ಹಳೇಬೀಡಿನ ಸರದಿ ಬಂದೇ ಇರುವುದಿಲ್ಲ.

ವಿಧಾನ ಸಮಪಾಲು ಕೊಡುವುದು ಸಾಲುಗಳಿಗೆ ಎಂಬುದನ್ನೂ ಮರೆಯಬಾರದು. ಸಾಲಿನ ಹಿಂದೆ ಇರುವ ವಸ್ತುವನ್ನು ಅದು ನೋಡುವುದಿಲ್ಲ. ವಿಕಿಪೀಡಿಯದ ಶೀರ್ಷಿಕೆಗಳ ಕಡತದಲ್ಲಿ ನಿಜವಾದ ಲೇಖನಗಳ ಜೊತೆಗೆ ಪುನರ್ನಿರ್ದೇಶನದ ಪುಟಗಳೂ ಇರುತ್ತವೆ. ಅಂದರೆ ಬೇರೆ ಕಾಗುಣಿತದಲ್ಲೋ ಬೇರೆ ಹೆಸರಿನಲ್ಲೋ ಹುಡುಕಿದವರನ್ನು ಮೂಲ ಲೇಖನಕ್ಕೆ ಕಳಿಸುವ ಪುಟಗಳು. ಒಂದು ಲೇಖನಕ್ಕೆ ಇಂಥ ನಾಲ್ಕು ಅಡ್ಡಹೆಸರುಗಳಿದ್ದರೆ ಅದಕ್ಕೆ ಐದು ಸಾಲುಗಳು, ಐದು ಪಾಲು. ಒಂದೇ ಹೆಸರಿರುವ ಸಣ್ಣ ಹಳ್ಳಿಯ ಲೇಖನಕ್ಕೆ ಒಂದು ಪಾಲು. ಎತ್ತಿದ್ದು ಪುನರ್ನಿರ್ದೇಶನದ ಪುಟವಾಗಿದ್ದರೆ ಅದನ್ನು ಹಿಂಬಾಲಿಸಿ ಲೇಖನಕ್ಕೆ ಹೋಗಬಾರದು, ಬಿಟ್ಟು ಬೇರೆಯದನ್ನು ಎತ್ತಬೇಕು. ಅಥವಾ ಅವನ್ನು ಮೊದಲೇ ಸೋಸಿ ತೆಗೆದು ಆಮೇಲೆ `shuf`ಗೆ ಕೊಡಬೇಕು. ಸರ್ವರಿನ ದಾಖಲೆಯಿಂದ ಒಬ್ಬ ಬಳಕೆದಾರರನ್ನು ಆರಿಸಹೊರಟರೂ ಇದೇ ತೊಡಕು, ಅಲ್ಲಿ ಸಾವಿರ ಸಲ ಬಂದವರಿಗೆ ಸಾವಿರ ಪಾಲು.

ಒಂದರ ಬದಲು ಮೂರು ಸಾಲು ಬೇಕಾದರೆ ನಿಯಮ ಹೆಚ್ಚೇನೂ ಬದಲಾಗುವುದಿಲ್ಲ. ಮೊದಲ ಮೂರನ್ನು ಮೂರು ಮನೆಗಳಲ್ಲಿ ಇಟ್ಟುಕೊಳ್ಳಿ. ಆಮೇಲೆ n-ನೆಯದು ಬಂದಾಗ n ಸಲಕ್ಕೆ ಮೂರು ಸಲದ ಸಂಭವದಲ್ಲಿ ಅದನ್ನು ಸೇರಿಸಿಕೊಳ್ಳಿ, ಸೇರಿಸಿಕೊಂಡರೆ ಮೂರು ಮನೆಗಳಲ್ಲಿ ಒಂದನ್ನು ದಾಳ ಹಾಕಿ ಆರಿಸಿ ಅಲ್ಲಿದ್ದದ್ದನ್ನು ಹೊರಗೆ ಹಾಕಿ. ನೂರು ಸಾಲುಗಳ ಕೊನೆಗೆ ಪ್ರತಿಯೊಂದೂ ಮೂರರಲ್ಲೊಂದಾಗಿ ಉಳಿಯುವ ಸಂಭವ 3/100.

ಒಳಗೆ ಉಳಿಯುವ ವಿಚಾರದಲ್ಲಿ ಇದು ನ್ಯಾಯವೇ, ಆದರೆ ಮನೆಗಳ ಕ್ರಮದಲ್ಲಿ ಅಲ್ಲ. ಮೊದಲು ಬಂದ ಸಾಲು ಮೊದಲ ಮನೆಯಲ್ಲಿ ಕೂತದ್ದು, ಉಳಿದರೆ ಅಲ್ಲೇ ಉಳಿಯುತ್ತದೆ, ಹೊರಬಿದ್ದರೆ ಮತ್ತೆ ಬರುವುದಿಲ್ಲ. ಮೊದಲ ಮನೆಯಲ್ಲಿದ್ದವರಿಗೆ ಮೊದಲ ಬಹುಮಾನ ಎಂದು ಕೊಟ್ಟರೆ ಏನಾಗುತ್ತದೆ? ನೂರು ಜನರಲ್ಲಿ ಮೊದಲು ಬಂದವರಿಗೆ ಆ ಬಹುಮಾನ ಸಿಗುವ ಸಂಭವ ನೂರರಲ್ಲಿ ಮೂರು. ಎರಡನೆಯವರಿಗೂ ಮೂರನೆಯವರಿಗೂ ಸೊನ್ನೆ, ಅವರು ಎಷ್ಟೇ ಅದೃಷ್ಟವಂತರಾದರೂ ಮೊದಲ ಮನೆಗೆ ಕಾಲಿಡಲಾರರು. ಉಳಿದವರಿಗೆಲ್ಲ ನೂರರಲ್ಲಿ ಒಂದು. ಹೀಗಾಗಿ ಬಹುಮಾನಗಳಲ್ಲಿ ಹೆಚ್ಚುಕಡಿಮೆ ಇರುವ ಕಡೆ, ಹರಿವು ನಿಂತ ಮೇಲೆ ಮೂರೂ ಹೆಸರುಗಳನ್ನು ಮತ್ತೊಮ್ಮೆ ಕುಲುಕಿ ಕ್ರಮವನ್ನು ಹೊಸದಾಗಿ ಆರಿಸಲೇಬೇಕು.

`shuf` ಆದೇಶವಿರುವ ಗ್ನೂ ಕೋರ್‌ಯುಟಿಲ್ಸ್ ತಂತ್ರಾಂಶಕ್ಕೆ ಈ ವಿಧಾನ ಸೇರಿದ್ದು 2013ರಲ್ಲಿ ಬಂದ 8.22ನೆಯ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಒಂದೇ ಸಾಲು ಕೇಳಿದರೂ ಅದು ಇಡೀ ಹರಿವನ್ನು ನೆನಪಿಗೆ ತುಂಬಿಕೊಳ್ಳುತ್ತಿತ್ತು. ಈಗ `shuf -n 3` ಎಂದು ಕೇಳಿದರೆ, ಅದು ಹಿಡಿದಿಟ್ಟ ಮೂರು ಸಾಲುಗಳನ್ನು ಹೊರಗೆ ಹಾಕುವ ಮುಂಚೆ ಇನ್ನೊಮ್ಮೆ ಕುಲುಕುತ್ತದೆ. ನೀವೇ ಬರೆದುಕೊಂಡ ಪ್ರೋಗ್ರಾಮ್ ಇದ್ದರೆ, ಅದರಲ್ಲಿ ಆ ಕೊನೆಯ ಕುಲುಕು ಇದೆಯೇ ಎಂದು ಆರು ಸಾಲುಗಳ ಹರಿವು ಕೊಟ್ಟು ನೋಡಿಬಿಡಿ.